ಟಾರ್ಚ್ ಹಾಕುವ ಮುಂಚೆ ಒಂದು ಗೆರೆ

(ವಿಜ್ಞಾನ ಪಾಠ ಮಾಡುವ ಶಿಕ್ಷಕರ ಕ್ಲಸ್ಟರ್ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ನಿಮ್ಮ ಮುಂದೆ ಒಂದೊಂದು ಹಾಳೆ ಬೋರಲಾಗಿ ಇಟ್ಟಿದ್ದೇನೆ. ಈಗಲೇ ತಿರುಗಿಸಿ ನೋಡಬೇಡಿ. ಅದರ ಕೆಲಸ ಕೊನೆಗೆ.

ಹತ್ತು ಹನ್ನೊಂದು ವರ್ಷ ನಾನು ಬೆಳಕಿನ ಪ್ರತಿಫಲನದ ಪಾಠವನ್ನು ಒಂದೇ ತರಹ ಮಾಡಿದೆ. ಕಿಟಕಿ ಮುಚ್ಚಿಸುತ್ತಿದ್ದೆ. ಟಾರ್ಚ್ ಹಾಕಿ ಕನ್ನಡಿಗೆ ಹಿಡಿಯುತ್ತಿದ್ದೆ. ಗೋಡೆಯ ಮೇಲೆ ಬೆಳಕು ಕುಣಿದಾಗ ಮಕ್ಕಳು ಹೋ ಅನ್ನುತ್ತಿದ್ದರು. ಆಮೇಲೆ ಬೋರ್ಡಿನ ಮೇಲೆ ಚಿತ್ರ, ಪತನ ಕಿರಣ, ಪ್ರತಿಫಲಿತ ಕಿರಣ, ನಡುವೆ ಲಂಬ. ಪರೀಕ್ಷೆಯಲ್ಲಿ ಎಲ್ಲರೂ ನಿಯಮ ಬರೆಯುತ್ತಿದ್ದರು, ಎರಡು ಅಂಕ ಹಾಕುತ್ತಿದ್ದೆ. ಪಾಠ ಚೆನ್ನಾಗಿ ಆಯಿತು ಅಂತ ನಾನೂ ಅಂದುಕೊಂಡಿದ್ದೆ.

ಒಂದು ವರ್ಷ ಪರೀಕ್ಷೆಯ ಉತ್ತರ ಪತ್ರಿಕೆ ಹಂಚುವ ದಿನ ಸುಮ್ನೆ ಬೋರ್ಡಿನ ಮೇಲೆ ಒಂದು ಕನ್ನಡಿ ಬರೆದೆ. ಅದಕ್ಕೆ ಓರೆಯಾಗಿ ಬರುವ ಒಂದು ಬಾಣ ಎಳೆದೆ. ನಿಯಮವನ್ನು ಒಂದಕ್ಷರ ತಪ್ಪಿಲ್ಲದೆ ಬರೆದಿದ್ದ ಒಬ್ಬ ಹುಡುಗಿಯನ್ನು ಕರೆದು, "ಬೆಳಕು ಇಲ್ಲಿಂದ ಎತ್ತ ಹೋಗುತ್ತೆ, ಎಳಿ" ಅಂದೆ. ಅವಳು ಚಾಕ್‌ಪೀಸ್ ತೆಗೆದುಕೊಂಡು, ಬಂದ ಬಾಣದ ಮೇಲೇ ಇನ್ನೊಂದು ಗೆರೆ ತಿದ್ದಿ ವಾಪಸ್ ತಂದಳು. ಅಂದರೆ ಓರೆಯಾಗಿ ಬಂದ ಬೆಳಕು ಬಂದ ದಾರಿಯಲ್ಲೇ ಹಿಂದೆ ಹೋಗುತ್ತೆ ಅಂತ. "ಇದು ಸರಿ ಅನ್ನೋರು ಕೈ ಎತ್ತಿ" ಅಂದೆ. ಅರ್ಧಕ್ಕಿಂತ ಜಾಸ್ತಿ ಕೈ ಮೇಲೆ ಬಂದವು.

ಮಕ್ಕಳು ಟಾರ್ಚಿನ ಬೆಳಕನ್ನು ನೋಡಿದ್ದರು. ಆದರೆ ಅದು ಎತ್ತ ಹೋಗುತ್ತದೆ ಅಂತ ಯಾರೂ ಅವರನ್ನು ಮೊದಲೇ ಕೇಳಿರಲಿಲ್ಲ. ಏನನ್ನೂ ಊಹಿಸದೆ ನೋಡಿದರೆ, ಕಂಡದ್ದು ತಾನು ಅಂದುಕೊಂಡಿದ್ದಕ್ಕೆ ಹೊಂದುತ್ತೋ ಇಲ್ಲವೋ ಅಂತ ಗೊತ್ತಾಗುವುದೇ ಇಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಎರಿಕ್ ಮಜೂರ್ ಮತ್ತು ಅವರ ಜೊತೆಗಾರರು ಇದನ್ನು ಕಾಲೇಜಿನ ಭೌತಶಾಸ್ತ್ರ ತರಗತಿಯಲ್ಲಿ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದರು. ಪ್ರಯೋಗವನ್ನು ಬರೀ ನೋಡಿದ ವಿದ್ಯಾರ್ಥಿಗಳಿಗೂ ನೋಡದೇ ಇದ್ದವರಿಗೂ ತಿಳಿವಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಏನಾಗುತ್ತದೆ ಅಂತ ಮೊದಲೇ ಊಹೆ ದಾಖಲಿಸಿ ಆಮೇಲೆ ನೋಡಿದವರಲ್ಲಿ ಮಾತ್ರ ವ್ಯತ್ಯಾಸ ಚೆನ್ನಾಗಿ ಕಂಡಿತು. ಅದನ್ನು ಓದಿದಾಗ ನನಗೆ ನನ್ನ ಆ ಹತ್ತು ವರ್ಷ ನೆನಪಾಯಿತು.

ಈಗ ನಾನು ಪಾಠ ಮಾಡುವ ರೀತಿ ಹೇಳುತ್ತೇನೆ. ಏಳನೇ ತರಗತಿ, ಮೂವತ್ತೆರಡು ಮಕ್ಕಳು, ನಾಲ್ಕು ಜನರ ಎಂಟು ಗುಂಪು. ಎರಡು ಪೀರಿಯಡ್ ಒಟ್ಟಿಗೆ ಬೇಕು.

ಮೊದಲು ಸಾಮಾನಿನ ವಿಷಯ ಮುಗಿಸಿಬಿಡೋಣ. ಪಾಠ ಕೆಡುವುದು ಮುಕ್ಕಾಲು ಪಾಲು ಇಲ್ಲೇ.

ಟಾರ್ಚ್ ಮನೆಯಿಂದ ಬರುತ್ತದೆ. ರಾತ್ರಿ ಹೊತ್ತು ತ್ರೀ ಫೇಸ್ ಕರೆಂಟ್ ಬಂದಾಗ ಮೋಟರ್ ಹಾಕಲು ಹೋಗುವ ಮನೆಗಳಲ್ಲಿ ಟಾರ್ಚ್ ಇದ್ದೇ ಇರುತ್ತದೆ. ಆದರೆ ಎಲ್ಲ ಟಾರ್ಚೂ ಆಗುವುದಿಲ್ಲ. ಏಳೆಂಟು ಎಲ್‌ಇಡಿ ಒಟ್ಟಿಗೆ ಇರುವ ಟಾರ್ಚಿನ ಮುಂದೆ ಸೀಳು ಹಿಡಿದರೆ ಪ್ರತಿ ಎಲ್‌ಇಡಿಯೂ ತನ್ನದೇ ಗೆರೆ ಕಳಿಸುತ್ತದೆ. ಎಲ್ಲ ಸೇರಿ ಹಾಳೆಯ ಮೇಲೆ ಮಸುಕು ಬೀಸಣಿಗೆ ಆಗುತ್ತದೆ. ಒಂದೇ ಎಲ್‌ಇಡಿ ಇರುವುದು ಬೇಕು. ಅದರಲ್ಲೂ ಮುಂದಿನ ಗಾಜು ಮತ್ತು ಹೊಳೆಯುವ ಬಟ್ಟಲನ್ನು ತಿರುಗಿಸಿ ತೆಗೆಯಲು ಬಂದರೆ ತೆಗೆದುಬಿಡಿ. ದೂರಕ್ಕೆ ಹೊಡೆಯಲು ಆ ಬಟ್ಟಲು ಬೇಕು, ನಮಗೆ ಬೇಡ. ಬರಿಯ ಎಲ್‌ಇಡಿಯೇ ಚೂಪಾದ ಗೆರೆ ಕೊಡುತ್ತದೆ. ನಿಮ್ಮ ಫೋನಿನ ಟಾರ್ಚ್ ಇದಕ್ಕೆ ತುಂಬ ಚೆನ್ನಾಗಿರುತ್ತದೆ, ಆದರೆ ಎಂಟು ಗುಂಪಿಗೆ ಎಂಟು ಫೋನು ಎಲ್ಲಿಂದ ತರುವುದು!

ಲೇಸರ್ ಮಾತ್ರ ಬೇಡ. ಜಾತ್ರೆಯಲ್ಲಿ ಸಿಗುವ ಆ ಪುಟ್ಟ ಲೇಸರಿನ ಗೆರೆ ತುಂಬ ಚಂದ ಬರುತ್ತದೆ, ನಿಜ. ಆದರೆ ಅದರ ಮೇಲೆ ಬರೆದ ಶಕ್ತಿಗೂ ಒಳಗಿರುವುದಕ್ಕೂ ತಾಳ ಇರುವುದಿಲ್ಲ. ಮೂವತ್ತೆರಡು ಮಕ್ಕಳ ಕೈಯಲ್ಲಿ ಕನ್ನಡಿ ಇರುವ ಕೋಣೆಯಲ್ಲಿ ಅದು ಯಾರ ಕಣ್ಣಿಗೆ ಹೋಗುತ್ತದೆ ಅಂತ ಹೇಳಲು ಬರುವುದಿಲ್ಲ.

ಸೀಳಿಗೆ ಹಳೇ ನೋಟ್‌ಬುಕ್ಕಿನ ರಟ್ಟು ಸಾಕು. ಅದಕ್ಕೆ ಕಪ್ಪು ಕಾಗದ ಅಂಟಿಸಿ, ಎರಡು ಮಿಲಿಮೀಟರ್ ಅಗಲದ ಸೀಳನ್ನು ರಟ್ಟಿನ ಕೆಳ ಅಂಚಿನವರೆಗೂ ಕತ್ತರಿಸಬೇಕು. ಬಹಳ ಜನ ಕಿಟಕಿಯ ತರಹ ನಡುವೆ ಕತ್ತರಿಸುತ್ತಾರೆ. ಆಗ ಬೆಳಕು ಹಾಳೆಗಿಂತ ಮೇಲೆ ಹಾದು ಹೋಗುತ್ತದೆ, ಹಾಳೆಯ ಮೇಲೆ ಗೆರೆ ಬೀಳುವುದೇ ಇಲ್ಲ. ಟಾರ್ಚಿನಿಂದ ಸುಮಾರು ಹತ್ತು ಸೆಂಟಿಮೀಟರ್ ದೂರದಲ್ಲಿ ರಟ್ಟು ನಿಲ್ಲಿಸಿ. ಅಲ್ಲಿಂದ ಮತ್ತೆ ಹತ್ತು ಸೆಂಟಿಮೀಟರ್ ಹೋಗುವಷ್ಟರಲ್ಲಿ ಎರಡು ಮಿಲಿಮೀಟರಿನ ಗೆರೆ ನಾಲ್ಕಾಗಿರುತ್ತದೆ. ಕನ್ನಡಿಯನ್ನು ಅಷ್ಟರೊಳಗೆ ಇಡಿ. ದೂರ ಇಟ್ಟಷ್ಟೂ ಗೆರೆ ದಪ್ಪ.

ಕನ್ನಡಿಗೆ ಫ್ಯಾನ್ಸಿ ಸ್ಟೋರಿನ ಪ್ಲಾಸ್ಟಿಕ್ ಚೌಕಟ್ಟಿನ ಕನ್ನಡಿ ತಂದರೆ ಚೌಕಟ್ಟು ಬಿಚ್ಚಿ. ಇಲ್ಲದಿದ್ದರೆ ಕನ್ನಡಿಯ ಕೆಳ ಅಂಚು ಹಾಳೆಯಿಂದ ಅರ್ಧ ಸೆಂಟಿಮೀಟರ್ ಮೇಲೆ ಉಳಿಯುತ್ತದೆ. ಹಾಳೆಗೆ ಅಂಟಿಕೊಂಡು ಬಂದ ಬೆಳಕು ಆ ಚೌಕಟ್ಟಿಗೆ ಬಡಿದು ಅಲ್ಲೇ ಸಾಯುತ್ತದೆ. ನಾನು ಗಾಜಿನ ಅಂಗಡಿಯಲ್ಲಿ ಉಳಿದ ಚೂರುಗಳನ್ನು ಹತ್ತು ಸೆಂಟಿಮೀಟರ್ ಉದ್ದ, ಐದು ಎತ್ತರಕ್ಕೆ ಕತ್ತರಿಸಿಸಿ ತಂದೆ. ಸಿಕ್ಕಷ್ಟು ತೆಳ್ಳಗಿನದು ಕೇಳಿ. ಅಂಚಿಗೆಲ್ಲ ಇನ್ಸುಲೇಷನ್ ಟೇಪ್ ಸುತ್ತಬೇಕು, ಇಲ್ಲವಾದರೆ ಬೆರಳು ಕೊಯ್ಯುತ್ತದೆ. ಕೆಳ ಅಂಚಿನಲ್ಲಿ ಮಾತ್ರ ಟೇಪ್ ಕನ್ನಡಿಯ ಮುಂದಿನ ಮುಖಕ್ಕೆ ಬರದಿರಲಿ, ಬಂದರೆ ಅದೂ ಚೌಕಟ್ಟಿನ ಹಾಗೇ ಬೆಳಕನ್ನು ತಡೆಯುತ್ತದೆ. ಹಿಂದೆ ಒಂದು ಬೆಂಕಿಪೊಟ್ಟಣ ಇಟ್ಟು ರಬ್ಬರ್ ಬ್ಯಾಂಡ್ ಹಾಕಿದರೆ ನೆಟ್ಟಗೆ ನಿಲ್ಲುತ್ತದೆ.

ನೆಟ್ಟಗೆ ಅನ್ನುವುದನ್ನು ಒತ್ತಿ ಹೇಳುತ್ತೇನೆ. ಕನ್ನಡಿ ಸ್ವಲ್ಪ ಹಿಂದಕ್ಕೆ ವಾಲಿದರೂ ಬೆಳಕು ಮೇಲಕ್ಕೆ ಹಾರಿ ಹೋಗುತ್ತದೆ. ಹಾಳೆಯ ಮೇಲೆ ಬರುವ ಗೆರೆ ಮಾತ್ರ ಇರುತ್ತದೆ, ಹೋಗುವ ಗೆರೆ ಮಾಯ. "ಮಿಸ್, ನಮ್ಮ ಕನ್ನಡಿ ಕೆಲಸ ಮಾಡ್ತಿಲ್ಲ" ಅಂತ ಯಾವುದಾದರೂ ಗುಂಪು ಕೂಗಿದರೆ ಮೊದಲು ಕನ್ನಡಿ ವಾಲಿದೆಯಾ ಅಂತ ನೋಡಿ. ಎದುರಿನ ಗೋಡೆಯ ಮೇಲೋ ಸೂರಿನ ಮೇಲೋ ಅವರ ಬೆಳಕು ಸಿಗುತ್ತದೆ.

ಕೋಣೆ ಪೂರ್ತಿ ಕತ್ತಲಾಗಬೇಕಿಲ್ಲ. ನಮ್ಮ ಕಿಟಕಿಗಳಿಗೆ ಬಾಗಿಲಿದ್ದರೆ ಚಿಲಕ ಇರುವುದಿಲ್ಲ, ನಿಮ್ಮದೂ ಹಾಗೇ ಅಲ್ವಾ? ನಾನು ಬಿಸಿಯೂಟದ ಅಕ್ಕಿಯ ಖಾಲಿ ಚೀಲ ಕಟ್ಟಿಸುತ್ತೇನೆ. ಅದೂ ಆಗದಿದ್ದರೆ ದೊಡ್ಡ ರಟ್ಟಿನ ಡಬ್ಬವನ್ನು ಮಗ್ಗುಲಿಗೆ ಮಲಗಿಸಿ, ಅದರೊಳಗೆ ಹಾಳೆ ಹಾಸಿ. ಅಷ್ಟು ನೆರಳು ಸಾಕು.

ಈಗ ಹಾಳೆ. ಪ್ರತಿ ಮಗುವಿಗೂ ಒಂದು, ಗುಂಪಿಗೆ ಒಂದಲ್ಲ. ಗುಂಪಿಗೆ ಒಂದು ಕೊಟ್ಟರೆ ಜೋರು ಬಾಯಿಯವರ ಊಹೆಯೇ ಎಲ್ಲರ ಊಹೆ ಆಗುತ್ತದೆ. ಹಾಳೆಯಲ್ಲಿ ಮೂರು ಚಿತ್ರ ಇರುತ್ತವೆ. ಮೊದಲನೆಯದರಲ್ಲಿ ಬೆಳಕು ಕನ್ನಡಿಗೆ ನೇರವಾಗಿ ಬಂದು ಬಡಿಯುತ್ತದೆ. ಎರಡನೆಯದರಲ್ಲಿ ಸ್ವಲ್ಪ ಓರೆ. ಮೂರನೆಯದರಲ್ಲಿ ತುಂಬ ಓರೆ, ಕನ್ನಡಿಯನ್ನು ಸವರಿಕೊಂಡು ಹೋಗುವ ಹಾಗೆ. ಹೋಗುವ ಗೆರೆಯನ್ನು ಪೆನ್ಸಿಲಿನಲ್ಲಿ ಎಳೆಯಬೇಕು. ಪಕ್ಕದಲ್ಲಿ ಒಂದು ಸಾಲು, ಯಾಕೆ ಹಾಗೆ ಅಂತ. ಟಾರ್ಚುಗಳೆಲ್ಲ ಆಗ ನನ್ನ ಮೇಜಿನ ಮೇಲೆ ಇರುತ್ತವೆ. ಅಳಿಸುವ ರಬ್ಬರ್ ಬ್ಯಾಗಿನೊಳಗೆ. ಇದಕ್ಕೆ ಅಂಕ ಇಲ್ಲ, ತಪ್ಪಾದರೆ ಬೈಗುಳವೂ ಇಲ್ಲ ಅಂತ ಮೊದಲೇ ಹೇಳುತ್ತೇನೆ. ಎಳೆದ ಮೇಲೆ ಕೆಳಗೆ ಸಹಿ. ಏಳನೇ ತರಗತಿಯವರಿಗೆ ಸಹಿ ಮಾಡುವುದು ಅಂದರೆ ಏನೋ ಖುಷಿ. ಆದರೆ ನಾನು ಸಹಿ ಹಾಕಿಸುವುದು ಬೇರೆ ಕಾರಣಕ್ಕೆ. ಸಹಿ ಹಾಕಿದ ಗೆರೆಯನ್ನು ಆಮೇಲೆ "ನಾನು ಹಾಗೇ ಅಂದುಕೊಂಡಿದ್ದೆ" ಅಂತ ಬದಲಿಸಲು ಆಗುವುದಿಲ್ಲ.

ಹಾಳೆಗಳ ನಡುವೆ ಓಡಾಡುವಾಗ ನಿಮಗೆ ಕೆಲವೇ ಮಾದರಿಗಳು ಮತ್ತೆ ಮತ್ತೆ ಕಾಣುತ್ತವೆ. ಒಂದು, ಬಂದ ದಾರಿಯಲ್ಲೇ ವಾಪಸ್. ಇನ್ನೊಂದು, ಹೇಗೇ ಬಂದರೂ ಕನ್ನಡಿಯಿಂದ ನೆಟ್ಟಗೆ ಹೊರಡುವುದು. ಆ ಮಕ್ಕಳನ್ನು ಕೇಳಿದರೆ, "ಕನ್ನಡಿ ಮುಂದಕ್ಕೆ ತಾನೆ ನೋಡ್ತಿರೋದು" ಅನ್ನುತ್ತಾರೆ. ಮೂರನೆಯದು ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಬರುವ ಗೆರೆಗೂ ಹೋಗುವ ಗೆರೆಗೂ ಯಾವಾಗಲೂ ಲಂಬಕೋನ ಬರುವ ಹಾಗೆ ಎಳೆಯುತ್ತಾರೆ. ಆಮೇಲೆ ಗೊತ್ತಾಯಿತು, ಅದು ನಮ್ಮದೇ ತಪ್ಪು. ಬೋರ್ಡಿನ ಮೇಲೆ ನಾವು ಯಾವಾಗಲೂ 45 ಡಿಗ್ರಿಯ ಚಿತ್ರವನ್ನೇ ಬರೆಯುತ್ತೇವೆ, ಚಂದ ಕಾಣುತ್ತೆ ಅಂತ. ಮಕ್ಕಳು ಅದರಿಂದ ನಿಯಮ ಕಲಿಯಲಿಲ್ಲ, ಆಕಾರ ಕಲಿತರು.

ಕೆಲವು ಹಾಳೆಗಳಲ್ಲಿ ಬಾಣ ಕಣ್ಣಿನಿಂದ ಹೊರಟು ಕನ್ನಡಿಗೆ ಹೋಗಿರುತ್ತದೆ. ಅದಕ್ಕೆ ನಗಬೇಡಿ. ನಮ್ಮ ಭಾಷೆಯೇ ಹಾಗಿದೆ. ಕಣ್ಣು ಹಾಯಿಸು ಅನ್ನುತ್ತೇವೆ, ದೃಷ್ಟಿ ನೆಟ್ಟ ಅನ್ನುತ್ತೇವೆ, ಮಗುವಿಗೆ ದೃಷ್ಟಿ ತಾಗಿತು ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತೇವೆ. ಕಣ್ಣಿನಿಂದ ಏನೋ ಹೊರಗೆ ಹೋಗುತ್ತದೆ ಅನ್ನುವುದು ಮಾತಿನೊಳಗೇ ಕೂತಿದೆ. ಹಳೇ ಗ್ರೀಕರಲ್ಲೂ ಹಲವರು ಹಾಗೇ ನಂಬಿದ್ದರು. ಸುಮಾರು ಸಾವಿರ ವರ್ಷದ ಹಿಂದೆ ಕೈರೋದಲ್ಲಿ ಕೆಲಸ ಮಾಡಿದ ಇಬ್ನ್ ಅಲ್ ಹೈಥಮ್, ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆ ಅಂತ ಪ್ರಯೋಗ, ವಾದ ಎರಡನ್ನೂ ಮುಂದಿಟ್ಟು ವಿವರಿಸಿದರು. ಏಳನೇ ತರಗತಿ ಮಗು ಒಂದು ಮಧ್ಯಾಹ್ನದಲ್ಲಿ ಅಲ್ಲಿಗೆ ಬರಬೇಕು ಅಂದರೆ ಹೇಗೆ?

ಸರಿ, ಈಗ ಟಾರ್ಚ್ ಹಂಚುತ್ತೇನೆ. ಬೆಳಕಿನ ನಿಜವಾದ ಗೆರೆಯನ್ನು ಕೆಂಪು ಪೆನ್ನಿನಲ್ಲಿ ಅದೇ ಹಾಳೆಯ ಮೇಲೆ ತಿದ್ದಬೇಕು. ಪೆನ್ಸಿಲ್ ಗೆರೆ ಅಲ್ಲೇ ಇರಬೇಕು.

ಓರೆಯಾಗಿ ಬರುವ ಎರಡು ಚಿತ್ರಗಳಲ್ಲಿ ತೊಂದರೆ ಇಲ್ಲ. ಪೆನ್ಸಿಲ್ ಒಂದು ಕಡೆ, ಬೆಳಕು ಒಂದು ಕಡೆ. ಕೋಣೆಯಲ್ಲಿ ಗುಸುಗುಸು ಏಳುತ್ತದೆ. ಕಷ್ಟ ಇರುವುದು ಎಲ್ಲಕ್ಕಿಂತ ಸುಲಭ ಅಂತ ನಾವು ಅಂದುಕೊಂಡ ಮೊದಲ ಚಿತ್ರದಲ್ಲಿ, ನೇರವಾಗಿ ಬಡಿಯುವುದರಲ್ಲಿ.

ಒಂದು ವರ್ಷ ಒಬ್ಬ ಹುಡುಗ ಆ ಚಿತ್ರದಲ್ಲಿ ಹೋಗುವ ಗೆರೆಯನ್ನೇ ಎಳೆದಿರಲಿಲ್ಲ. ಕನ್ನಡಿಯ ಹತ್ತಿರ ಒಂದು ಚುಕ್ಕಿ ಇಟ್ಟು, ಪಕ್ಕದಲ್ಲಿ "ಎಲ್ಲೂ ಹೋಗಲ್ಲ, ಕನ್ನಡಿಯಲ್ಲೇ ಉಳಿಯುತ್ತೆ" ಅಂತ ಬರೆದಿದ್ದ. ಟಾರ್ಚ್ ಹಾಕಿದ. ಹಾಳೆಯ ಮೇಲೆ ಕಂಡದ್ದು ಒಂದೇ ಗೆರೆ. "ನೋಡಿ ಮಿಸ್, ನಾನು ಹೇಳಿದ್ದೇ ಸರಿ" ಅಂದ. ಪಕ್ಕದಲ್ಲಿ ಕೂತ ಹುಡುಗಿ "ಬಂದ ದಾರಿಯಲ್ಲೇ ವಾಪಸ್" ಅಂತ ಎಳೆದಿದ್ದಳು. ಅವಳೂ "ನಾನೂ ಸರಿ" ಅಂದಳು. ಇಬ್ಬರೂ ನೋಡುತ್ತಿರುವುದು ಅದೇ ಒಂದು ಗೆರೆ!

ನಾನು ಒಂದು ನಿಮಿಷ ಸುಮ್ಮನೆ ನಿಂತೆ. ಯಾಕೆಂದರೆ ಹುಡುಗ ಕಣ್ಣಾರೆ ಕಂಡಿದ್ದನ್ನೇ ಹೇಳುತ್ತಿದ್ದಾನೆ. ನೇರವಾಗಿ ಬಂದ ಬೆಳಕು ನೇರವಾಗಿ ವಾಪಸ್ ಹೋದರೆ ಎರಡು ಗೆರೆ ಒಂದರ ಮೇಲೊಂದು ಬಿದ್ದು ಒಂದೇ ಕಾಣುತ್ತದೆ. ಬೆಳಕು ಕನ್ನಡಿಯಲ್ಲೇ ನಿಂತರೂ ಒಂದೇ ಕಾಣುತ್ತದೆ. ಈ ಪ್ರಯೋಗ ಅವರಿಬ್ಬರ ಜಗಳವನ್ನು ತೀರಿಸುವುದೇ ಇಲ್ಲ. ಹತ್ತು ವರ್ಷ ನಾನು ಇದನ್ನು ತೋರಿಸಿ, "ನೋಡಿ, ವಾಪಸ್ ಬಂತು" ಅಂತ ಹೇಳಿ ಮುಂದೆ ಹೋಗಿದ್ದೆ. ಎಷ್ಟು ಮಕ್ಕಳು ಮನಸ್ಸಿನೊಳಗೆ "ಎಲ್ಲಿ ಬಂತು?" ಅಂದುಕೊಂಡಿದ್ದರೋ.

ಅವರಿಬ್ಬರಿಗೇ ಬಿಟ್ಟೆ. "ಯಾರು ಸರಿ ಅಂತ ಹೇಗೆ ಗೊತ್ತು ಮಾಡ್ತೀರಿ?" ಹುಡುಗಿ ಕನ್ನಡಿಯನ್ನು ಒಂದು ಕೂದಲೆಳೆಯಷ್ಟು ತಿರುಗಿಸಿದಳು. ಒಂದೇ ಇದ್ದ ಗೆರೆ ಕವಲೊಡೆದು, ಎರಡನೇ ಗೆರೆ ಮೆಲ್ಲಗೆ ಬಿಟ್ಟುಕೊಂಡಿತು. ವಾಪಸ್ ತಿರುಗಿಸಿದಳು, ಮತ್ತೆ ಒಂದಾಯಿತು. ಹುಡುಗ ಒಪ್ಪಲಿಲ್ಲ. "ನೀನು ತಿರುಗಿಸಿದಾಗ ಹೊರಗೆ ಬಂತು. ನೇರ ಇದ್ದಾಗ ಒಳಗೇ ಇರುತ್ತೆ" ಅಂದ. ವಾದ ಚೆನ್ನಾಗಿಯೇ ಇದೆ ಅಲ್ವಾ? ಆಮೇಲೆ ಅವನೇ ಸೀಳಿನ ರಟ್ಟಿನ ಕಡೆ ನೋಡಿದ. ಕನ್ನಡಿಯ ಕಡೆಗಿರುವ ಅದರ ಕಪ್ಪು ಮುಖದ ಮೇಲೆ, ಸೀಳಿನ ಎರಡೂ ಪಕ್ಕ, ಬೆಳಕಿನ ಒಂದು ಪಟ್ಟಿ ಬಿದ್ದಿತ್ತು. ಟಾರ್ಚ್ ಇರುವುದು ರಟ್ಟಿನ ಆಚೆ ಕಡೆ. ಈಚೆ ಮುಖಕ್ಕೆ ಬೆಳಕು ಎಲ್ಲಿಂದ ಬರಬೇಕು? ಕನ್ನಡಿಗೆ ಕೈ ಅಡ್ಡ ಹಿಡಿದ. ಪಟ್ಟಿ ಹೋಯಿತು. ಕೈ ತೆಗೆದ. ಬಂತು. ನಾಲ್ಕೈದು ಸಲ ಹಾಗೇ ಮಾಡಿ, ಕೆಂಪು ಪೆನ್ ತೆಗೆದುಕೊಂಡು ಬಾಣ ಎಳೆದ. ನಾನು ಒಂದು ಮಾತೂ ಹೇಳಿಕೊಟ್ಟಿರಲಿಲ್ಲ.

ಅವತ್ತಿನಿಂದ ನಾನು ರಟ್ಟಿನ ಈಚೆ ಮುಖಕ್ಕೆ ಬಿಳಿ ಕಾಗದ ಅಂಟಿಸುತ್ತೇನೆ. ಪಟ್ಟಿ ಇನ್ನೂ ಚೆನ್ನಾಗಿ ಕಾಣುತ್ತದೆ.

ಎರಡನೇ ಪೀರಿಯಡ್ಡಿಗೆ ಅಳತೆ. ಇಲ್ಲಿ ಲಂಬ ಬರುತ್ತದೆ, ಅದಕ್ಕೆ ಮುಂಚೆ ನಾನು ಆ ಪದವನ್ನೇ ಎತ್ತುವುದಿಲ್ಲ. ಎರಡು ಗೆರೆಗಳನ್ನು ಹೋಲಿಸಲು ಒಂದು ನಡುಗೆರೆ ಬೇಕು ಅಂತ ಮಕ್ಕಳಿಗೇ ಅನ್ನಿಸಬೇಕು. ಹಾಳೆಯನ್ನು ಎರಡೂ ಗೆರೆ ಒಂದರ ಮೇಲೊಂದು ಬರುವ ಹಾಗೆ ಮಡಚಿಸುತ್ತೇನೆ. ಬಿಚ್ಚಿದಾಗ ಮಡಿಕೆಯ ಗೆರೆ ಕನ್ನಡಿಗೆ ನೆಟ್ಟಗೆ ನಿಂತಿರುತ್ತದೆ. ಕೋನಮಾಪಕ ಇಟ್ಟರೆ 90. ಆ ಮಡಿಕೆಗೆ ಲಂಬ ಅಂತ ಹೆಸರು, ಅಷ್ಟೆ.

ಕೋನಮಾಪಕದ ಎರಡು ಸಾಲು ಅಂಕಿಗಳ ಗೋಳು ನಿಮಗೆ ಗೊತ್ತಿದ್ದದ್ದೇ, ಅದನ್ನು ಬಿಡುತ್ತೇನೆ. ಬೇರೆ ಒಂದು ತಪ್ಪು ಹೇಳುತ್ತೇನೆ. ಒಂದು ಗುಂಪು ಬಂದ ಕೋನ, ಹೋದ ಕೋನ ಅಂತ ಪಟ್ಟಿ ಮಾಡಿತ್ತು. 30ಕ್ಕೆ 31. 45ಕ್ಕೆ 44. 60ಕ್ಕೆ 66. ನಾನು ಹತ್ತಿರ ಹೋಗುವಷ್ಟರಲ್ಲಿ 66 ಅನ್ನು ಹೊಡೆದು 60 ಬರೆಯುತ್ತಿದ್ದರು. "ಯಾಕೆ ಹೊಡೆದಿರಿ?" ಅಂದರೆ, "ಪುಸ್ತಕದಲ್ಲಿ ಸಮ ಅಂತ ಇದೆ ಮಿಸ್."

66 ಎಲ್ಲಿಂದ ಬಂತು ಅಂತ ಹುಡುಕಿದೆವು. ಹೋಗುವ ಬೆಳಕಿನ ಮೇಲೆ ಅವರು ಒಂದೇ ಚುಕ್ಕಿ ಇಟ್ಟಿದ್ದರು, ಅದೂ ಬೆಳಕು ಕನ್ನಡಿಗೆ ಬಡಿದ ಜಾಗದಿಂದ ಮೂರೇ ಸೆಂಟಿಮೀಟರ್ ದೂರದಲ್ಲಿ. ಬೆಳಕಿನ ಗೆರೆ ದಪ್ಪ ಇದ್ದಿದ್ದರಿಂದ ಚುಕ್ಕಿ ನಡುವೆ ಬೀಳದೆ ಅಂಚಿಗೆ ಬಿದ್ದಿತ್ತು, ಒಂದು ಮೂರು ಮಿಲಿಮೀಟರ್ ಆಚೆ. ಮೂರು ಸೆಂಟಿಮೀಟರಿಗೆ ಮೂರು ಮಿಲಿಮೀಟರ್ ಅಂದರೆ ಹತ್ತಕ್ಕೆ ಒಂದು. ಅದು ಕೋನದಲ್ಲಿ ಆರು ಡಿಗ್ರಿ ಹತ್ತಿರ ಆಗುತ್ತದೆ. ಅದೇ ತಪ್ಪು ಹನ್ನೆರಡು ಸೆಂಟಿಮೀಟರ್ ದೂರದಲ್ಲಿ ಆಗಿದ್ದರೆ ಒಂದೂವರೆ ಡಿಗ್ರಿಯೂ ಆಗುತ್ತಿರಲಿಲ್ಲ. ಚುಕ್ಕಿಯನ್ನು ದೂರ ಇಟ್ಟು, ಬೆಳಕಿನ ನಡುವೆ ಇಟ್ಟು ಮತ್ತೆ ಅಳೆದರು. 61 ಬಂತು. ಅದನ್ನು 61 ಅಂತಲೇ ಬರೆಯಲು ಹೇಳಿದೆ. ಎರಡು ಡಿಗ್ರಿ ಆಚೆ ಈಚೆ ನಮ್ಮ ಸಾಮಾನಿನ ಮಿತಿ, ಅದಕ್ಕೆ ನಾಚಿಕೆ ಪಡಬೇಕಿಲ್ಲ. ಆರು ಬಂದರೆ ಹುಡುಕಬೇಕು. ಹೊಡೆದು ಹಾಕಬಾರದು.

ಇನ್ನೊಂದು ಮಾತು, ಕೇಳುವ ಮಕ್ಕಳು ಸಿಕ್ಕರೆ ನಿಮಗೆ ಬೇಕಾಗುತ್ತದೆ. ದಪ್ಪ ಕನ್ನಡಿಯಲ್ಲಿ, ಕೋಣೆ ಚೆನ್ನಾಗಿ ಕತ್ತಲಿದ್ದರೆ, ಹೋಗುವ ಗೆರೆಯ ಪಕ್ಕದಲ್ಲೇ ಮಸುಕಾಗಿ ಇನ್ನೊಂದು ಗೆರೆ ಕಾಣುತ್ತದೆ. ನಮ್ಮ ಕನ್ನಡಿಯ ಹೊಳಪು ಇರುವುದು ಗಾಜಿನ ಬೆನ್ನಿಗೆ. ಆದರೆ ಗಾಜಿನ ಮುಂದಿನ ಮುಖವೂ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕೈದು ಪಾಲನ್ನು ವಾಪಸ್ ಕಳಿಸುತ್ತದೆ. ಆ ಮಸುಕು ಗೆರೆ ಅದರದು. ಇದೇ ಕಾರಣಕ್ಕೆ ಬರುವ ಗೆರೆ, ಹೋಗುವ ಗೆರೆ ಎರಡೂ ಕನ್ನಡಿಯ ಮುಂದಿನ ಅಂಚಿನಲ್ಲಿ ಒಂದೇ ಬಿಂದುವಿಗೆ ಸೇರುವುದಿಲ್ಲ. ನಡುವೆ ಕೆಲವು ಮಿಲಿಮೀಟರ್ ಬಿಡುವು ಇರುತ್ತದೆ. ಎರಡನ್ನೂ ಎಳೆದು ಒಂದೇ ಬಿಂದುವಿಗೆ ಜೋಡಿಸಬೇಡಿ, ಕೋನ ಕೆಡುತ್ತದೆ. ಒಂದೊಂದು ಗೆರೆಯನ್ನೂ ಅದರದೇ ಎರಡು ಚುಕ್ಕಿಗಳಿಂದ ಎಳೆದು, ಅದು ಕನ್ನಡಿಗೆ ಸೇರುವಲ್ಲೇ ಅಳೆಯಿರಿ.

ನಿಯಮ ಸಿಕ್ಕ ಮೇಲೆ ಪಾಠ ಮುಗಿಯಿತು ಅಂತ ಅಲ್ಲ. ಸಿಕ್ಕ ನಿಯಮವನ್ನು ಬಳಸಿ ಊಹೆ ಮಾಡಬಲ್ಲರಾ ಅಂತ ನೋಡಬೇಕು. ಅದಕ್ಕೆ ನನ್ನ ಪ್ರಶ್ನೆ ಇದು. ಟಾರ್ಚ್ ಅಲ್ಲಾಡಬಾರದು. ಕನ್ನಡಿಯನ್ನು ಮಾತ್ರ ಹತ್ತು ಡಿಗ್ರಿ ತಿರುಗಿಸುತ್ತೇನೆ. ಹೋಗುವ ಗೆರೆ ಎಷ್ಟು ಜರುಗುತ್ತದೆ? ಪೆನ್ಸಿಲಿನಲ್ಲಿ ಎಳೆಯಿರಿ.

ಹತ್ತು ಅಂತಲೇ ಬಹುತೇಕ ಎಲ್ಲರೂ ಎಳೆಯುತ್ತಾರೆ. ನಿಯಮ ಗೊತ್ತಿದ್ದೂ ಎಳೆಯುತ್ತಾರೆ. ಟಾರ್ಚ್ ಹಾಕಿದರೆ ಇಪ್ಪತ್ತು. ಈ ಸಲ ಯಾಕೆ ಅಂತ ಅವರೇ ಹೇಳಬಲ್ಲರು, ಬೇಕಾದದ್ದೆಲ್ಲ ಕೈಯಲ್ಲಿದೆ. ಬೆಳಕು ಲಂಬಕ್ಕೆ 30 ಡಿಗ್ರಿಯಲ್ಲಿ ಬರುತ್ತಿತ್ತು ಅಂತ ಇಟ್ಟುಕೊಳ್ಳಿ. ಆಚೆ ಕಡೆ 30, ಎರಡು ಗೆರೆಗಳ ನಡುವೆ 60. ಕನ್ನಡಿ ಹತ್ತು ತಿರುಗಿತು, ಅದರ ಜೊತೆ ಲಂಬವೂ ಹತ್ತು ತಿರುಗಿತು. ಬರುವ ಬೆಳಕು ಅಲ್ಲೇ ಇದೆ, ಹಾಗಾಗಿ ಈಗ ಲಂಬಕ್ಕೆ 40. ಆಚೆ ಕಡೆಯೂ 40. ನಡುವೆ 80. ಒಬ್ಬ ಹುಡುಗಿ ಇದನ್ನು ಒಂದೇ ಮಾತಿನಲ್ಲಿ ಹೇಳಿದಳು. "ಲಂಬ ಹತ್ತು ಓಡಿತು, ಅದನ್ನ ಹಿಡಿಯೋಕೆ ಗೆರೆ ಇಪ್ಪತ್ತು ಓಡಬೇಕು ಮಿಸ್."

ಕನ್ನಡಿ ಹಿಡಿದು ಬಿಸಿಲನ್ನು ಎದುರು ಮನೆಯ ಗೋಡೆಗೆ ಬಿಟ್ಟು ಆಡಿದ ಮಕ್ಕಳಿಗೆಲ್ಲ ಇದು ಕೈಗೆ ಗೊತ್ತಿರುತ್ತದೆ. ಮಣಿಕಟ್ಟು ಚೂರು ತಿರುಗಿದರೆ ಬೆಳಕು ಗೋಡೆಯ ಆ ತುದಿಗೆ ಹಾರುತ್ತದೆ. ಬಿಸಿಲಿನಲ್ಲಿ ಈ ಪ್ರಯೋಗ ಮಾಡಲು ಹೋಗಿ ನಾನೊಮ್ಮೆ ಪೇಚಿಗೆ ಸಿಕ್ಕಿದ್ದೆ. ಕನ್ನಡಿಯನ್ನು ಕಲ್ಲಿನ ಮೇಲೆ ಗಟ್ಟಿಯಾಗಿ ಕೂರಿಸಿ, ಐದು ಮೀಟರ್ ದೂರದ ಗೋಡೆಯ ಮೇಲೆ ಬೆಳಕಿನ ಸುತ್ತ ಚಾಕ್‌ಪೀಸಿನಲ್ಲಿ ಗುರುತು ಹಾಕಿಸಿದೆ. ನಾಲ್ಕು ನಿಮಿಷದ ಮೇಲೆ ನೋಡಿದರೆ ಬೆಳಕು ಗುರುತಿನಿಂದ ಒಂದು ಗೇಣಿನ ಅರ್ಧದಷ್ಟು ಆಚೆ. "ಯಾರೋ ಕನ್ನಡಿ ಮುಟ್ಟಿದ್ದೀರಿ" ಅಂತ ಗದರಿದೆ. ಯಾರೂ ಮುಟ್ಟಿರಲಿಲ್ಲ. ಸೂರ್ಯ ನಾಲ್ಕು ನಿಮಿಷಕ್ಕೆ ಸುಮಾರು ಒಂದು ಡಿಗ್ರಿ ಜರುಗುತ್ತಾನೆ. ಐದು ಮೀಟರ್ ದೂರದಲ್ಲಿ ಒಂದು ಡಿಗ್ರಿ ಅಂದರೆ ಒಂಬತ್ತು ಸೆಂಟಿಮೀಟರ್ ಹತ್ತಿರ. ಮಕ್ಕಳ ಹತ್ತಿರ ಕ್ಷಮೆ ಕೇಳಿದೆ. ಇಲ್ಲಿ ದುಪ್ಪಟ್ಟು ಯಾಕೆ ಆಗಲಿಲ್ಲ ಅಂತ ನಿಮಗೇ ಬಿಡುತ್ತೇನೆ. ಜರುಗಿದ್ದು ಕನ್ನಡಿಯಲ್ಲ, ಬೆಳಕು.

ಕೊನೆಗೆ ಎರಡು ಕನ್ನಡಿ. ನೋಟ್‌ಬುಕ್ಕಿನ ಮೂಲೆಗೆ ಒತ್ತಿ, ಎರಡನ್ನೂ ಲಂಬಕೋನದಲ್ಲಿ ಜೋಡಿಸಿ ನಿಲ್ಲಿಸಿ. ಒಂದು ಕನ್ನಡಿಗೆ ಬಡಿದ ಬೆಳಕು ಇನ್ನೊಂದಕ್ಕೆ ಬಡಿದು ಹೊರಗೆ ಬರುತ್ತದೆ. ಇದನ್ನು ಮಕ್ಕಳಿಗೆ ಕೊಟ್ಟ ಮೇಲೆ ಪೀರಿಯಡ್ಡಿನ ಗಂಟೆ ಹೊಡೆದರೂ ಏಳುವುದಿಲ್ಲ. ಹೊರಗೆ ಬರುವ ಗೆರೆ ಹೇಗಿರುತ್ತದೆ ಅಂತ ಬೇಕೆಂದೇ ಈಗ ಹೇಳುವುದಿಲ್ಲ. ಒಂದು ಸುಳಿವು ಮಾತ್ರ ಕೊಡುತ್ತೇನೆ. ಸೈಕಲ್ಲಿನ ಹಿಂದೆ ಇರುವ ಕೆಂಪು ಪ್ಲಾಸ್ಟಿಕ್ ರಿಫ್ಲೆಕ್ಟರಿನ ಒಳಗೆ ಇಂಥ ಮೂಲೆಗಳೇ ಸಾಲಾಗಿ ಇರುತ್ತವೆ. ಅಲ್ಲಿ ಎರಡಲ್ಲ, ಮೂರು ಮುಖಗಳ ಮೂಲೆ. 2023ರಲ್ಲಿ ಚಂದ್ರನ ಮೇಲೆ ಇಳಿದ ನಮ್ಮ ವಿಕ್ರಮ್ ಲ್ಯಾಂಡರಿನ ಮೇಲೂ ನಾಸಾ ಕೊಟ್ಟ ಅಂಥದ್ದೊಂದು ಸಾಧನ ಇದೆ. ಅಗಲ ಐದು ಸೆಂಟಿಮೀಟರ್, ಅದರಲ್ಲಿ ಎಂಟು ಮೂಲೆಗಳು, ಬ್ಯಾಟರಿ ಏನೂ ಇಲ್ಲ. ಆ ವರ್ಷ ಡಿಸೆಂಬರ್ 12ರಂದು ಚಂದ್ರನನ್ನು ಸುತ್ತುತ್ತಿದ್ದ ನಾಸಾದ ನೌಕೆಯೊಂದು ನೂರು ಕಿಲೋಮೀಟರ್ ದೂರದಿಂದ ಅದರ ಕಡೆ ಲೇಸರ್ ಬಿಟ್ಟಿತು. ಬೆಳಕು ವಾಪಸ್ ಬಂದು ನೌಕೆಗೆ ಸಿಕ್ಕಿತು. ವಿಕ್ರಮ್ ಆಗಲೇ ನಿದ್ದೆ ಹೋಗಿ ಮೂರು ತಿಂಗಳಾಗಿತ್ತು. ನೌಕೆಯ ಕಡೆಗೆ ಆ ಸಾಧನವನ್ನು ಗುರಿಯಿಟ್ಟು ತಿರುಗಿಸಲು ಅಲ್ಲಿ ಯಾರೂ ಇರಲಿಲ್ಲ.

ಈಗ ನಿಮ್ಮ ಮುಂದಿನ ಹಾಳೆ ತಿರುಗಿಸಿ. ಎಡಗಡೆ ಚಿತ್ರದಲ್ಲಿ ಮೂಲೆ ಮಾಡಿ ನಿಂತ ಎರಡು ಕನ್ನಡಿ ಇದೆ, ಒಂದಕ್ಕೆ ಓರೆಯಾಗಿ ಬರುವ ಬಾಣ ಇದೆ. ಬಲಗಡೆ ಚಿತ್ರದಲ್ಲಿ ಬಾಣ ಅದೇ, ಆದರೆ ಮೂಲೆಯನ್ನು ಪೂರ್ತಿಯಾಗಿ ಹತ್ತು ಡಿಗ್ರಿ ತಿರುಗಿಸಿದೆ. ಎರಡರಲ್ಲೂ ಹೊರಗೆ ಬರುವ ಗೆರೆಯನ್ನು ಪೆನ್ಸಿಲಿನಲ್ಲಿ ಎಳೆಯಿರಿ. ಮೊದಲನೆಯದಕ್ಕೂ ಎರಡನೆಯದಕ್ಕೂ ಎಷ್ಟು ಡಿಗ್ರಿ ವ್ಯತ್ಯಾಸ ಅಂತ ಪಕ್ಕದಲ್ಲಿ ಬರೆಯಿರಿ. ಹಿಂದಿನ ಸಾಲಿನವರು ಪಕ್ಕದವರ ಹಾಳೆ ನೋಡಬೇಡಿ, ನನಗೆ ಇಲ್ಲಿಂದ ಕಾಣುತ್ತಿದೆ. ಕೆಳಗೆ ಸಹಿ ಹಾಕಿ. ಎಲ್ಲರದೂ ಆದ ಮೇಲೆ ಕಿಟಕಿಗಳನ್ನು ಮುಚ್ಚೋಣ.